ಆ ಕಡತವನ್ನು ಅಲ್ಲಿಟ್ಟವರು ಯಾರು?

ಡಿಜಿಟಲ್ ಸಾಕ್ಷರತಾ ಕೂಟದ ಗೆಳೆಯರೇ, ನಮಸ್ಕಾರ.

ಈ ಕಾಲೇಜಿನ ಗ್ರಂಥಪಾಲಕಿಯಾಗಿ ನಾನು ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ: ಯಾವುದನ್ನಾದರೂ ಡೌನ್‌ಲೋಡ್ ಮಾಡುವ ಮೊದಲು, ಅದನ್ನು ಅಲ್ಲಿಟ್ಟವರಿಗೆ ಇಡುವ ಹಕ್ಕಿತ್ತೇ ಎಂದು ನೋಡಿ.

ಕಳೆದ ವಾರ ವಿದ್ಯಾರ್ಥಿನಿಯೊಬ್ಬಳು ಕನ್ನಡ ಕಾದಂಬರಿಯೊಂದರ ಪಿಡಿಎಫ್ ತೋರಿಸಿದಳು. ಪುಟಗಳೆಲ್ಲ ಓರೆ. ಅಂಚಿನಲ್ಲಿ ಪುಸ್ತಕವನ್ನು ಅದುಮಿ ಹಿಡಿದವರ ಹೆಬ್ಬೆರಳು ಕಾಣುತ್ತಿತ್ತು. ಮುಖಪುಟ ಮುಗಿದೊಡನೆ ಮೊದಲ ಅಧ್ಯಾಯ. ಪ್ರಕಾಶಕರ ವಿಳಾಸ, ಬೆಲೆ, ‘ಹಕ್ಕುಗಳು: ಲೇಖಕರವು’ ಎಂಬ ಸಾಲು ಇರಬೇಕಾದ ಪುಟವೇ ಮಾಯ! ಕನ್ನಡದಲ್ಲಿ ಸಾವಿರ ಪ್ರತಿ ಅಚ್ಚು ಹಾಕಿಸಿ ಮಾರುವುದೇ ಎಷ್ಟೋ ಪ್ರಕಾಶಕರಿಗೆ ಹರಸಾಹಸ. ಅಂಥ ಪುಸ್ತಕ ಒಂದೇ ರಾತ್ರಿಯಲ್ಲಿ ಹತ್ತಾರು ವಾಟ್ಸಾಪ್ ಗುಂಪುಗಳಿಗೆ ಹರಿದರೆ ಎರಡನೆಯ ಮುದ್ರಣದ ಮಾತೆಲ್ಲಿ ಬಂತು? ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಹಾಗೆಂದು ಎಲ್ಲಕ್ಕೂ ಹೆದರಬೇಕಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಪುಸ್ತಕದ ಹಕ್ಕು ಲೇಖಕರ ಜೀವಿತಕಾಲಕ್ಕೂ ಅವರು ತೀರಿಕೊಂಡ ಮೇಲೆ 60 ವರ್ಷಗಳಿಗೂ ಇರುತ್ತದೆ. ಬಿ.ಎಂ.ಶ್ರೀ. 1946ರಲ್ಲಿ ತೀರಿಕೊಂಡರು, ಅವರು ಬಾಳಿದ್ದಾಗ ಪ್ರಕಟಿಸಿದ ಕೃತಿಗಳು ಈಗ ಎಲ್ಲರ ಸೊತ್ತು. ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ, ಅವರ ಪುಸ್ತಕಗಳಿಗೆ 2035ರ ಕೊನೆಯವರೆಗೆ ಕಾಯಬೇಕು. ಹಕ್ಕುದಾರರೇ ಮನಸ್ಸು ಮಾಡಿದರೆ ಕಾಯುವ ಅಗತ್ಯವೂ ಇಲ್ಲ. ನಿರಂಜನರ ಕೃತಿಗಳನ್ನು ಅವರ ಮಗಳು 2014ರಲ್ಲಿ, ಯಾರು ಬೇಕಾದರೂ ಹಂಚಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದರು. ಅವನ್ನು ಇಳಿಸಿಕೊಳ್ಳಿ, ಹಂಚಿ. ಲೇಖಕರ ಹೆಸರನ್ನು ಮಾತ್ರ ಬಿಡಬೇಡಿ.

ಪಾಠಕ್ಕೆ ಬೇಕಾದ ಭಾಗಗಳ ವಿಷಯದಲ್ಲಿ ಕಾಯ್ದೆ ನಿಮ್ಮ ಪರವಾಗಿಯೇ ಇದೆ. ಸ್ವಂತ ಅಧ್ಯಯನಕ್ಕಾಗಿ ನ್ಯಾಯಯುತವಾಗಿ ಬಳಸಿಕೊಳ್ಳಲು ಅದು ಅವಕಾಶ ಕೊಡುತ್ತದೆ. ತರಗತಿಗೆಂದು ಪುಸ್ತಕಗಳ ಭಾಗಗಳನ್ನು ಜೆರಾಕ್ಸ್ ಮಾಡಿಸುವ ಪ್ರಶ್ನೆ ಬಂದಾಗ 2016ರಲ್ಲಿ ದೆಹಲಿ ಹೈಕೋರ್ಟ್ ಕೂಡ ವಿದ್ಯಾರ್ಥಿಗಳ ಅಗತ್ಯವನ್ನು ಎತ್ತಿಹಿಡಿಯಿತು. ಇಡೀ ಪುಸ್ತಕವನ್ನು ಗುಂಪಿಗೆ ಹಾಕುವುದು ಬೇರೆಯೇ ಮಾತು.

ಸಿನಿಮಾದ ಬಗ್ಗೆ ಎರಡೇ ಮಾತು. ಚಿತ್ರಮಂದಿರದಲ್ಲಿ ಅನುಮತಿಯಿಲ್ಲದೆ ಚಿತ್ರೀಕರಿಸಿದರೆ 2023ರ ತಿದ್ದುಪಡಿಯಂತೆ ಕನಿಷ್ಠ ಮೂರು ತಿಂಗಳ ಸೆರೆ, ಮೂರು ಲಕ್ಷ ರೂಪಾಯಿ ದಂಡ. ಇನ್ನು, ಹೊಸ ಚಿತ್ರವೆಂದು ಬಂದ ಕಡತದ ಹೆಸರು `.apk` ಎಂದು ಮುಗಿದಿದ್ದರೆ ಅದು ಚಿತ್ರವೇ ಅಲ್ಲ, ಆ್ಯಪ್. ಬ್ಯಾಂಕಿನ ಒಟಿಪಿ ಕದಿಯುವವರು ಬಳಸುವ ದಾರಿಗಳಲ್ಲಿ ಅದೂ ಒಂದು. ಮುಟ್ಟದೆ ಅಳಿಸಿ.

ಪ್ರಾಜೆಕ್ಟ್‌ಗೆ ಚಿತ್ರ ಬೇಕಾದರೆ ವಿಕಿಮೀಡಿಯ ಕಾಮನ್ಸ್ ನೋಡಿ. ಅಲ್ಲಿ ಕ್ರಿಯೇಟಿವ್ ಕಾಮನ್ಸ್‌ನ `CC BY` ಪರವಾನಗಿ ಎಂದಿದ್ದರೆ ಛಾಯಾಗ್ರಾಹಕರ ಹೆಸರು, ಪರವಾನಗಿ, ಕೊಂಡಿ ಈ ಮೂರನ್ನೂ ಚಿತ್ರದ ಕೆಳಗೇ ಬರೆಯಿರಿ. ಬೇರೆ ತಾಣದಲ್ಲಿ ಸಿಕ್ಕ ಚಿತ್ರದ ಪರವಾನಗಿಯಲ್ಲಿ `NC` ಇದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ.

ಕೊಳ್ಳಲು ದುಡ್ಡಿಲ್ಲ ಎನ್ನುವವರ ಕಷ್ಟ ನನಗೆ ಗೊತ್ತು. ಗ್ರಂಥಾಲಯದ ಕೌಂಟರಿನಲ್ಲಿ ಬೇಡಿಕೆ ಪುಸ್ತಕವೊಂದನ್ನು ಇಟ್ಟಿದ್ದೇನೆ. ಬೇಕಾದ ಪುಸ್ತಕದ ಹೆಸರು ಬರೆಯಿರಿ; ಮುಂದಿನ ಖರೀದಿಯ ಪಟ್ಟಿಯನ್ನು ಅದನ್ನು ನೋಡಿಯೇ ಮಾಡುತ್ತೇನೆ.