ಲೋಹ ಮತ್ತು ಅಲೋಹ: ಹತ್ತನೇ ತರಗತಿ, ಶನಿವಾರದ ಕ್ಲಾಸಿನ ಟಿಪ್ಪಣಿ

ಮಕ್ಕಳೇ, ಹೋದ ವಾರದ ಟೆಸ್ಟಿನಲ್ಲಿ ಸುಮಾರು ಅರ್ಧ ಜನ ‘ಗ್ರಾಫೈಟ್ ಲೋಹ’ ಅಂತ ಬರೆದಿದ್ದೀರಿ. ಕಾರಣ ಕೇಳಿದರೆ, ‘ಕರೆಂಟ್ ಹರಿಯುತ್ತಲ್ಲಾ ಸರ್!’ ಹರಿಯುವುದು ನಿಜ. ಆದರೆ ಗ್ರಾಫೈಟ್ ಇಂಗಾಲದ ಒಂದು ರೂಪ, ಅಂದರೆ ಅಲೋಹ. ಒಂದೇ ಗುಣ ನೋಡಿ ಜಾತಿ ಹೇಳಿದರೆ ಹೀಗೇ ಆಗುವುದು. ಅದಕ್ಕೇ ಈ ಟಿಪ್ಪಣಿ.

ಭೌತ ಗುಣಗಳು

ಡೊಂಬಿವಲಿ ಸ್ಟೇಷನ್ನಿನಲ್ಲಿ ನಿಂತು ತಲೆ ಎತ್ತಿ ನೋಡಿ. ಲೋಕಲ್‌ಗೆ 25,000 ವೋಲ್ಟ್ ಕರೆಂಟ್ ಕೊಡುವ ತಂತಿ ತಾಮ್ರದ್ದು. ಕರೆಂಟ್ ಹರಿಸುತ್ತದೆ, ತಂತಿಯಾಗಿ ಎಳೆಯಲೂ ಬರುತ್ತದೆ. ಹೀಗೆ ಎಳೆಯಲು ಬರುವ ಗುಣವೇ ತನ್ಯತೆ. ಕಾಜು ಕತ್ಲಿಯ ಮೇಲಿನ ಬೆಳ್ಳಿ ವರಖ್ ಕುಟ್ಯತೆಗೆ ಉದಾಹರಣೆ: ಬಡಿದಷ್ಟೂ ತೆಳ್ಳಗಾಗುತ್ತದೆ, ಪುಡಿಯಾಗುವುದಿಲ್ಲ. ಗಂಧಕದ ಗಟ್ಟಿಗೆ ಸುತ್ತಿಗೆಯಿಂದ ಒಂದೇಟು ಹಾಕಿದರೆ ಪುಡಿಪುಡಿ. ದೇವಸ್ಥಾನದ ಗಂಟೆ ಯಾಕೆ ಕಂಚಿನದು, ಗಂಧಕದ್ದಲ್ಲ ಅಂತ ಈಗ ನೀವೇ ಹೇಳಿ.

ಈಗ ತರಲೆಗಳ ಸರದಿ. ಪರೀಕ್ಷೆಯಲ್ಲಿ ಇವೇ ಜಾಸ್ತಿ ಬರುತ್ತವೆ. ಪಾದರಸ ಲೋಹವಾದರೂ ದ್ರವ. ಸೋಡಿಯಂ ಚಾಕುವಿನಲ್ಲಿ ಕತ್ತರಿಸುವಷ್ಟು ಮೆತ್ತಗೆ, ಸುಮಾರು 98 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಕಬ್ಬಿಣಕ್ಕೆ 1,538 ಡಿಗ್ರಿ ಬೇಕು. ಅಯೋಡಿನ್ ಅಲೋಹ, ಆದರೂ ಹೊಳೆಯುತ್ತದೆ. ವಜ್ರವೂ ಅಲೋಹ, ಆದರೆ ಅದರಷ್ಟು ಗಟ್ಟಿಯಾದ ಲೋಹ ಯಾವುದೂ ಇಲ್ಲ. ಅಂದಹಾಗೆ, ಪೆನ್ಸಿಲ್ಲಿನ ‘ಸೀಸದ ಕಡ್ಡಿ’ಯಲ್ಲಿ ಸೀಸವೇ ಇಲ್ಲ. ಇರುವುದು ಗ್ರಾಫೈಟ್ ಮತ್ತು ಜೇಡಿಮಣ್ಣು.

ರಾಸಾಯನಿಕ ಪರೀಕ್ಷೆಗಳು

*1. ಸುಟ್ಟು ನೋಡುವುದು.* ಗ್ರಾಫೈಟ್ ಬಗ್ಗೆ ಜಗಳ ಬಂದಾಗ ಇದೇ ಜಡ್ಜ್. ಮೆಗ್ನೀಷಿಯಂ ಪಟ್ಟಿ ಕಣ್ಣು ಕುಕ್ಕುವ ಬಿಳಿ ಬೆಳಕಿನಲ್ಲಿ ಉರಿದು ಬಿಳಿ ಬೂದಿ ಬಿಡುತ್ತದೆ. ಬೂದಿಗೆ ನೀರು ಹಾಕಿ ಕಲಕಿದರೆ ಕೆಂಪು ಲಿಟ್ಮಸ್ ನೀಲಿಯಾಗುತ್ತದೆ.

2Mg + O₂ → 2MgO

ಗಂಧಕ ನೀಲಿ ಜ್ವಾಲೆಯಲ್ಲಿ ಉರಿಯುತ್ತದೆ. ಹೊಗೆಗೆ ಒದ್ದೆ ನೀಲಿ ಲಿಟ್ಮಸ್ ಹಿಡಿದರೆ ಕೆಂಪು.

S + O₂ → SO₂

ಇಂಗಾಲ ಸುಟ್ಟಾಗ ಬರುವ CO₂ ಕೂಡ ನೀರಿನಲ್ಲಿ ಆಮ್ಲವನ್ನೇ ಕೊಡುತ್ತದೆ. ಗ್ರಾಫೈಟ್ ಸಿಕ್ಕಿಬಿತ್ತು, ಅಲ್ವಾ? ಗಂಧಕವನ್ನು ಮನೆಯಲ್ಲಿ ಸುಡಬೇಡಿ, ಹೊಗೆ ಗಂಟಲಿಗೆ ಹಿಡಿಯುತ್ತದೆ. ಮೆಗ್ನೀಷಿಯಂ ಜ್ವಾಲೆಯನ್ನು ನೇರವಾಗಿ ನೋಡಲೂಬೇಡಿ.

*2. ಆಮ್ಲ.* ನಾಲ್ಕು ಪ್ರನಾಳಗಳಲ್ಲಿ ಸಾರರಿಕ್ತ HCl ಹಾಕಿ ಮೆಗ್ನೀಷಿಯಂ, ಸತು, ಕಬ್ಬಿಣ, ತಾಮ್ರ ಬಿಟ್ಟೆವು, ನೆನಪಿದೆಯಾ? ಮೆಗ್ನೀಷಿಯಂ ಬುಸುಗುಟ್ಟಿತು, ಪ್ರನಾಳ ಬಿಸಿಯಾಯಿತು. ಸತುವಿನಲ್ಲಿ ಗುಳ್ಳೆಗಳು ನಿಧಾನ, ಕಬ್ಬಿಣದಲ್ಲಿ ಇನ್ನೂ ನಿಧಾನ. ತಾಮ್ರ ಸುಮ್ನೆ ಕೂತಿತ್ತು.

Zn + 2HCl → ZnCl₂ + H₂↑

ಉರಿಯುವ ಕಡ್ಡಿಯನ್ನು ಪ್ರನಾಳದ ಬಾಯಿಗೆ ಹಿಡಿದಾಗ ‘ಟಪ್’ ಅಂದಿತು. ಅದು ಹೈಡ್ರೋಜನ್. ಉತ್ತರ ಬರೆಯುವಾಗ ಸದ್ದನ್ನೂ ಬರೆಯಿರಿ. ಅಲೋಹಗಳು ಈ ಆಮ್ಲದಿಂದ ಹೈಡ್ರೋಜನ್ ಬಿಡಿಸುವುದಿಲ್ಲ.

*3. ಸ್ಥಾನಪಲ್ಲಟ.* ನೀಲಿ ಮೈಲುತುತ್ತದ ದ್ರಾವಣದಲ್ಲಿ ಉಜ್ಜಿದ ಕಬ್ಬಿಣದ ಮೊಳೆ ಇಟ್ಟರೆ, ಅರ್ಧ ಗಂಟೆಯಲ್ಲಿ ಮೊಳೆಗೆ ಕಂದು ಲೇಪ. ದ್ರಾವಣದ ನೀಲಿ ಮಂಕಾಗಿ ನಿಧಾನವಾಗಿ ಹಸಿರಿಗೆ ತಿರುಗುತ್ತದೆ.

Fe + CuSO₄ → FeSO₄ + Cu

ಕಬ್ಬಿಣ ತಾಮ್ರಕ್ಕಿಂತ ಚುರುಕು. ಅದಕ್ಕೇ ತಾಮ್ರವನ್ನು ಎಬ್ಬಿಸಿ ತಾನು ಕೂತಿತು. ವಿರಾರ್ ಫಾಸ್ಟ್‌ನಲ್ಲಿ ಸೀಟು ಹಿಡಿಯುವವರನ್ನು ನೋಡಿದವರಿಗೆ ಹೆಚ್ಚು ವಿವರಣೆ ಬೇಡ.

ಹೋಲಿಕೆ ಪಟ್ಟಿ

| ಗುಣ | ಲೋಹ | ಅಲೋಹ | ತಪ್ಪಿಸುವವರು |
|---|---|---|---|
| ಹೊಳಪು | ಇದೆ | ಸಾಮಾನ್ಯವಾಗಿ ಇಲ್ಲ | ಅಯೋಡಿನ್ |
| ಕೋಣೆ ತಾಪದಲ್ಲಿ | ಘನ | ಘನ ಅಥವಾ ಅನಿಲ | ಪಾದರಸ, ಬ್ರೋಮಿನ್ (ದ್ರವ) |
| ಬಡಿದರೆ | ತಗಡಾಗುತ್ತದೆ | ಘನವಾದರೆ ಪುಡಿ | — |
| ವಿದ್ಯುತ್ | ಹರಿಯುತ್ತದೆ | ಸಾಮಾನ್ಯವಾಗಿ ಇಲ್ಲ | ಗ್ರಾಫೈಟ್ |
| ಎಲೆಕ್ಟ್ರಾನ್ | ಬಿಟ್ಟುಕೊಡುತ್ತದೆ | ಪಡೆಯುತ್ತದೆ ಅಥವಾ ಹಂಚಿಕೊಳ್ಳುತ್ತದೆ | — |
| ಆಕ್ಸೈಡ್ | ಪ್ರತ್ಯಾಮ್ಲೀಯ | ಆಮ್ಲೀಯ | Al₂O₃, ZnO ಉಭಯಧರ್ಮಿ. CO ತಟಸ್ಥ |
| ಸಾರರಿಕ್ತ HCl | H₂ ಬರುತ್ತದೆ | ಬರುವುದಿಲ್ಲ | ತಾಮ್ರ, ಬೆಳ್ಳಿ, ಚಿನ್ನ |

ಮುಂದಿನ ಶನಿವಾರಕ್ಕೆ

1. ಮನೆಯ ಬಾಲ್ಕನಿಯ ಕಬ್ಬಿಣದ ಗ್ರಿಲ್ ಎರಡು ಮಳೆಗಾಲಕ್ಕೇ ತುಕ್ಕು ಹಿಡಿಯಿತು, ಪಕ್ಕದ ಅಲ್ಯೂಮಿನಿಯಂ ಕಿಟಕಿ ಹಾಗೇ ಇದೆ. ಯಾಕೆ? ಸುಳಿವು: ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪದರ.
2. ಸೋಡಿಯಂ ಸೀಮೆಎಣ್ಣೆಯಲ್ಲಿ, ಬಿಳಿ ರಂಜಕ ನೀರಿನಲ್ಲಿ. ಅದಲು ಬದಲು ಮಾಡಿಟ್ಟರೆ ಸೋಡಿಯಂ ಕಥೆ ಏನು? ಸಮೀಕರಣದ ಜೊತೆ ಬರೆಯಿರಿ.
3. ಅಜ್ಜಿಯ ಬೆಳ್ಳಿ ಕುಂಕುಮದ ಬಟ್ಟಲು ಕಪ್ಪಾಗಿದ್ದರೆ ಕೇಳಿ ತನ್ನಿ. ಆ ಕಪ್ಪು Ag₂S. ಅದನ್ನು ತೆಗೆಯಲು ಬಿಸಿನೀರು, ಅಡುಗೆ ಸೋಡಾ, ಅಲ್ಯೂಮಿನಿಯಂ ಫಾಯಿಲ್ ನಾನು ತರುತ್ತೇನೆ.