ಸಿಂಧು ಅವರಿಗೆ, ಆ ಮೂರು ಫ್ರೆಂಚ್ ಪದಗಳ ಬಗ್ಗೆ

ಸಿಂಧು ಅವರೇ, ನಮಸ್ಕಾರ.

ಮೊನ್ನೆ ಭಾನುವಾರ ಸಿನಿಮಾ ಮುಗಿದ ಮೇಲೆ ನಮ್ಮ ಫಿಲ್ಮ್ ಕ್ಲಬ್ಬಿನವರು ಮೀಜಾನ್‌ಸೆನ್, ನ್ವಾರ್, ಓತರ್ ಅಂತ ಫ್ರೆಂಚ್ ಪದಗಳನ್ನು ಎರಚಾಡುತ್ತಿದ್ದಾಗ ನೀವು ಸುಮ್ಮನೆ ಕಾಫಿ ಹೀರುತ್ತಾ ಕೂತಿದ್ದಿರಿ. ನಾನೂ ಮೊದಲ ವರ್ಷ ಹಾಗೇ ಕೂತವನು. ಬಾಯಿ ತೆರೆದ ದಿನ 'ಆಟ್ಯೂರ್' ಅಂದು ನಗೆಪಾಟಲಾದೆ. ಅದು ಓತರ್.

ಮೀಜಾನ್‌ಸೆನ್ ರಂಗಭೂಮಿಯಿಂದ ಬಂದ ಪದ, ರಂಗದ ಮೇಲೆ ಇಡುವುದು ಎಂದರ್ಥ. ಮಲ್ಲೇಶ್ವರದ ಒಂದು ಹಳೇ ವಠಾರದ ಮನೆ ಅಂದುಕೊಳ್ಳಿ. ಅಪ್ಪ ನಮಗೆ ಬೆನ್ನು ಹಾಕಿ ಪೇಪರ್ ಓದುತ್ತಿದ್ದಾರೆ. ಮಗ ಹೊಸ್ತಿಲಾಚೆ, ಚಪ್ಪಲಿ ಇನ್ನೂ ಕಾಲಲ್ಲೇ ಇದೆ. ನಡುಮನೆ ಕತ್ತಲು, ಬೆಳಕು ಇರುವುದು ಅಡುಗೆಮನೆಯಲ್ಲಿ, ಅಮ್ಮನ ಸೆರಗಿನ ತುದಿಯಷ್ಟೇ ಕಾಣುತ್ತಿದೆ. ಒಂದು ಮಾತೂ ಬೇಕಿಲ್ಲ, ಈ ಮನೆಯಲ್ಲಿ ಏನು ನಡೆದಿದೆ ಅಂತ ಗೊತ್ತಾಯಿತಲ್ಲ? ಯಾರು ಎಲ್ಲಿ ನಿಂತರು, ಏನು ಉಟ್ಟರು, ಬೆಳಕು ಎಲ್ಲಿ ಬಿತ್ತು, ಹೀಗೆ ಕ್ಯಾಮೆರಾದ ಮುಂದೆ ಜೋಡಿಸಿದ್ದೆಲ್ಲ ಮೀಜಾನ್‌ಸೆನ್. ಸಂಕಲನ, ಹಿನ್ನೆಲೆ ಸಂಗೀತ ಇದರೊಳಗೆ ಬರುವುದಿಲ್ಲ.

ಫಿಲ್ಮ್ ನ್ವಾರ್ ಅಂದರೆ ಕಪ್ಪು ಸಿನಿಮಾ. ತಮಾಷೆ ಏನೆಂದರೆ, ಹೆಸರು ಫ್ರೆಂಚ್, ಸಿನಿಮಾಗಳು ಅಮೆರಿಕದವು. ಜರ್ಮನ್ನರ ಹಿಡಿತದಲ್ಲಿದ್ದಷ್ಟು ಕಾಲ ಪ್ಯಾರಿಸ್ಸಿಗೆ ಹಾಲಿವುಡ್ ಚಿತ್ರಗಳು ಬರಲಿಲ್ಲ. 1946ರಲ್ಲಿ ಒಟ್ಟಿಗೇ ಬಂದಾಗ, ಅವುಗಳಲ್ಲಿ ಕೆಲವಕ್ಕೆ ಒಂದೇ ಕರಾಳ ಛಾಯೆ ಇರುವುದು ನೀನೋ ಫ್ರಾಂಕ್ ಎಂಬ ವಿಮರ್ಶಕನ ಕಣ್ಣಿಗೆ ಬಿತ್ತು. ಲೋಭ, ಕಾಮ, ತಾನೇ ತೋಡಿಕೊಂಡ ಗುಂಡಿಗೆ ಬೀಳುವ ಗಂಡಸು, ಕಿಟಕಿ ಪಟ್ಟಿಗಳ ನೆರಳು ಮೈಮೇಲೆ ಬಿದ್ದು ಮನೆಯೊಳಗೇ ಜೈಲು. ದಯವಿಟ್ಟು ಮಚ್ಚು-ಲಾಂಗಿನ ಚಿತ್ರಗಳಿಗೆಲ್ಲ ನ್ವಾರ್ ಅನ್ನಬೇಡಿ. ನಮ್ಮಲ್ಲಿ ಒಬ್ಬರು ಅಂತಾರೆ, ಸಾಕು.

ಓತರ್ ಅಂದರೆ ಕರ್ತೃ. ಪುಸ್ತಕಕ್ಕೆ ಲೇಖಕನಿರುವಂತೆ ಸಿನಿಮಾಕ್ಕೆ ನಿರ್ದೇಶಕ ಎಂಬ ವಾದ. 1954ರಲ್ಲಿ ವಿಮರ್ಶಕ ಫ್ರಾನ್ಸ್ವಾ ತ್ರೂಫೋ ಬರೆದ ಲೇಖನದಿಂದ ಇದಕ್ಕೆ ಕಾವು ಬಂತು. ಸಾಹಿತ್ಯ ಕೃತಿಗಳನ್ನು ನೀಟಾಗಿ ತೆರೆಗೆ ತರುತ್ತಿದ್ದ ಫ್ರೆಂಚ್ ಚಿತ್ರಗಳ ಮೇಲೆ ಆಗಿನ್ನೂ 21ರ ಹುಡುಗನಾಗಿದ್ದ ಅವನಿಗೆ ವಿಪರೀತ ಸಿಟ್ಟು.

ಆದರೆ 1970ರ 'ಸಂಸ್ಕಾರ' ತಗೊಳ್ಳಿ. ನಿರ್ದೇಶನ ಪಟ್ಟಾಭಿರಾಮ ರೆಡ್ಡಿ, ಕಾದಂಬರಿ ಅನಂತಮೂರ್ತಿ, ಚಿತ್ರಕಥೆ ಕಾರ್ನಾಡ್, ಪ್ರಾಣೇಶಾಚಾರ್ಯರ ಪಾತ್ರವೂ ಅವರದೇ, ಛಾಯಾಗ್ರಹಣ ಆಸ್ಟ್ರೇಲಿಯಾದ ಟಾಮ್ ಕೋವನ್. ಕರ್ತೃ ಯಾರು? ಈ ಜಗಳ ನಮ್ಮ ಕ್ಲಬ್ಬಿನಲ್ಲಿ ಇನ್ನೂ ಬಗೆಹರಿದಿಲ್ಲ. ಕಸರವಳ್ಳಿ ಅವರ ಚಿತ್ರಗಳನ್ನು ಸಾಲಾಗಿ ನೋಡಿದಾಗ ಮಾತ್ರ ತ್ರೂಫೋ ಹೇಳಿದ್ದು ಸರಿ ಅನ್ನಿಸುತ್ತದೆ. ಕಥೆ ಯಾರದೇ ಇರಲಿ, ನೋಡುವ ಕಣ್ಣು ಒಬ್ಬರದೇ.

ಬರುವ ಭಾನುವಾರ ನಾಲ್ಕೂವರೆಗೆ 'ಡಬಲ್ ಇಂಡೆಮ್ನಿಟಿ', 1944ರ ನ್ವಾರ್ ಚಿತ್ರ. ನಾಯಕ ನೆಫ್ ಮೊದಲ ಸಲ ನಾಯಕಿಯ ಮನೆಯ ಹಜಾರಕ್ಕೆ ಕಾಲಿಟ್ಟಾಗ ನೆರಳುಗಳನ್ನು ಗಮನಿಸಿ, ಮುಗಿದ ಮೇಲೆ ಮೊದಲು ನೀವೇ ಮಾತಾಡಬೇಕು. ಮಧ್ಯದ ಸಾಲಿನಲ್ಲಿ ಕೂತುಕೊಳ್ಳಿ, ಮುಂದೆ ಕೂತರೆ ಫ್ಯಾನಿನ ಸದ್ದಿಗೆ ಸಂಭಾಷಣೆ ಕೇಳಿಸಲ್ಲ.