ಪಕ್ಕದ ಮನೆಯ ಸುಧಕ್ಕನಿಗೆ, ಜಿಮ್ಮಿಯ ಬೆಳಗಿನ ಜಾವದ ಬೊಗಳಾಟದ ಬಗ್ಗೆ

ಸುಧಕ್ಕಾ,

ಕಾಂಪೌಂಡಿಗೆ ಕಾಂಪೌಂಡ್ ಅಂಟಿಕೊಂಡಿರುವ ಮನೆಯವಳು ಕಾಗದ ಬರೆದಿದ್ದಾಳಲ್ಲ, ಏನು ಕಥೆ ಅಂದುಕೊಳ್ಳಬೇಡಿ. ಎದುರು ಸಿಕ್ಕಾಗಲೆಲ್ಲ ಹೇಳಬೇಕು ಅಂತಲೇ ಇದ್ದೆ. ನೀವು ಆಫೀಸಿಗೆ ಹೊರಟಿರುತ್ತೀರಿ, ನನ್ನ ಕಂಕುಳಲ್ಲಿ ಮಗು ಇರುತ್ತದೆ. ಅವಸರದಲ್ಲಿ ಹೇಳಿದರೆ ದೂರು ಹೇಳಿದ ಹಾಗೆ ಆಗುತ್ತದೆ. ಇದು ದೂರಲ್ಲ. ನಿಮ್ಮಿಂದ ಒಂದು ಸಹಾಯ ಬೇಕಾಗಿದೆ, ಅಷ್ಟೆ.

ವಿಷಯ ಜಿಮ್ಮಿಯದು. ಹಗಲಲ್ಲಿ ಅದು ಎಷ್ಟು ಬೊಗಳಿದರೂ ನನಗೆ ಏನೂ ಅನ್ನಿಸುವುದಿಲ್ಲ. ನಾಯಿ ಅಂದಮೇಲೆ ಬೊಗಳುತ್ತದೆ, ಅಲ್ವಾ? ಕಷ್ಟ ಆಗುತ್ತಿರುವುದು ಬೆಳಗಿನ ಜಾವ ನಾಲ್ಕೂವರೆಯಿಂದ ಆರರವರೆಗೆ ಮಾತ್ರ. ನಮ್ಮ ಮನೆಯವರಿಗೆ ಈಗ ಎರಡನೇ ಶಿಫ್ಟ್. ಮನೆಗೆ ಬಂದು ಮಲಗುವಾಗ ಒಂದೂವರೆ ದಾಟಿರುತ್ತದೆ. ಮಗು ರಾತ್ರಿ ಎರಡು ಸಲ ಎದ್ದು, ಕೊನೆಗೆ ನಾಲ್ಕು ಗಂಟೆಗೆ ಒಳ್ಳೆ ನಿದ್ದೆಗೆ ಜಾರುತ್ತದೆ. ಸರಿಯಾಗಿ ಆಗಲೇ ಜಿಮ್ಮಿಯ ಡ್ಯೂಟಿ ಶುರು. ಮಗು ಬೆಚ್ಚಿಬಿದ್ದು ಅಳುತ್ತದೆ, ಅವರು ಏಳುತ್ತಾರೆ, ಆಮೇಲೆ ಯಾರಿಗೂ ನಿದ್ದೆ ಇಲ್ಲ. ಕಿಟಕಿ ಮುಚ್ಚಿ ನೋಡಿದೆವು. ಫ್ಯಾನ್ ಜೋರು ಮಾಡಿದೆವು. ಹಿಂದಿನ ರೂಮಿಗೆ ಹೋಗೋಣ ಅಂದರೆ ಅಲ್ಲಿ ಮಂಚ ಹಾಕಿದರೆ ಬಾಗಿಲು ತೆಗೆಯಲು ಬರುವುದಿಲ್ಲ.

ನೀವಿಬ್ಬರೂ ಮಲಗುವುದು ಹಿಂದಿನ ಕೋಣೆಯಲ್ಲಿ. ಇಷ್ಟು ಜೋರಾಗಿ ಕೇಳುತ್ತಿದೆ ಅನ್ನುವುದು ನಿಮಗೆ ಗೊತ್ತಾಗಿರುವುದೇ ಕಷ್ಟ. ಎರಡು ಮನೆಗಳ ಗೋಡೆ ಎದುರುಬದುರು ಇರುವುದರಿಂದ ಸದ್ದು ಅಲ್ಲಲ್ಲೇ ಬಡಿದು ನಮ್ಮ ಬೆಡ್‌ರೂಮಿನ ಕಿಟಕಿಗೆ ಬರುತ್ತದೆ. ಅದಕ್ಕೇ ನಾನೇ ಹೇಳುವುದು ಒಳ್ಳೆಯದು ಅನ್ನಿಸಿತು. ಬೇರೆ ಯಾರ ಹತ್ತಿರವೂ ಈ ಮಾತು ಆಡಿಲ್ಲ. ಆಡುವುದೂ ಇಲ್ಲ.

ಹೇಗೂ ಎಚ್ಚರ ಆಗಿರುತ್ತದಲ್ಲ, ಅದು ಏನು ಮಾಡುತ್ತದೆ ಅಂತ ಕಿಟಕಿಯಿಂದ ನೋಡಿದ್ದೇನೆ. ಮೊದಲು ಗೇಟಿನ ಕೆಳಗಿನ ಸಂದಿಯಲ್ಲಿ ಮೂತಿ ತೂರಿಸಿ ಮಲಗಿರುತ್ತದೆ. ಹಾಲಿನವರ ಗಾಡಿ ತಿರುವಿನಲ್ಲಿ ಇರುವಾಗಲೇ, ನನಗೆ ಇನ್ನೂ ಏನೂ ಕೇಳಿಸದೆ ಇರುವಾಗಲೇ, ಅದರ ಕಿವಿ ನಿಮಿರುತ್ತದೆ. ನಮಗೆ ಕೇಳದಷ್ಟು ಸಣ್ಣ ಸದ್ದೂ ಅದಕ್ಕೆ ಕೇಳುತ್ತದೆ, ಪಾಪ, ಅದರ ತಪ್ಪೇನಿಲ್ಲ. ಗಾಡಿ ಬಂದ ಕೂಡಲೇ ಗೇಟಿನ ಮೇಲೆ ಎರಡೂ ಕಾಲಿಟ್ಟು ಶುರು ಮಾಡುತ್ತದೆ. ಹಾಲಿನವರು ಪ್ಯಾಕೆಟ್ ಇಟ್ಟು ಹೊರಡುತ್ತಾರೆ. ಜಿಮ್ಮಿ ಬಾಲ ಮೇಲೆತ್ತಿಕೊಂಡು ಒಂದು ಸುತ್ತು ಹಾಕುತ್ತದೆ, ತಾನೇ ಓಡಿಸಿದೆ ಅನ್ನುವ ಹಾಗೆ. ಆಮೇಲೆ ಪೇಪರ್ ಹುಡುಗ. ಅವನೂ ಹೋಗುತ್ತಾನೆ. ಆಮೇಲೆ ವಾಕಿಂಗ್ ಹೋಗುವವರು ಒಬ್ಬೊಬ್ಬರಾಗಿ. ಅವರೂ ಹೋಗೇ ಹೋಗುತ್ತಾರೆ. ಬೊಗಳಿದಾಗಲೆಲ್ಲ ಅದು ಗೆದ್ದ ಹಾಗೇ ಆಯಿತಲ್ಲ! ಹೀಗಿದ್ದರೆ ಅದು ತಾನಾಗಿ ಬಿಡುವ ಅಭ್ಯಾಸ ಅಲ್ಲ ಅನ್ನಿಸುತ್ತದೆ.

ಅಣ್ಣ ಒಂದೊಂದು ದಿನ ಒಳಗಿನಿಂದಲೇ "ಜಿಮ್ಮೀ, ಸುಮ್ನಿರೋ" ಅಂತ ಕೂಗುವುದು ಕೇಳುತ್ತದೆ. ನಮ್ಮ ತಂಗಿ ಮನೆಯಲ್ಲೂ ಇದೇ ಥರ ಒಂದು ನಾಯಿ ಇದೆ. ಅವಳು ಹೇಳುವ ಪ್ರಕಾರ ನಾವು ದೂರದಿಂದ ಕೂಗಿದರೆ ಮನೆಯವರೂ ನನ್ನ ಜೊತೆ ಬೊಗಳುತ್ತಿದ್ದಾರೆ ಅಂತ ನಾಯಿಗೆ ಇನ್ನೂ ಹುಮ್ಮಸ್ಸು ಬರುತ್ತದಂತೆ. ಜಿಮ್ಮಿಯನ್ನು ನೋಡಿದರೆ ಹೌದು ಅನ್ನಿಸುತ್ತದೆ.

ನನ್ನ ಕೋರಿಕೆ ಇಷ್ಟೇ ಅಕ್ಕಾ. ರಾತ್ರಿ ಜಿಮ್ಮಿಯನ್ನು ಗೇಟಿನ ಹತ್ತಿರ ಬಿಡುವ ಬದಲು ಮನೆಯೊಳಗೆ, ಹಾಲ್‌ನಲ್ಲೋ ಅಡುಗೆಮನೆಯ ಪಕ್ಕದ ಪ್ಯಾಸೇಜಿನಲ್ಲೋ ಮಲಗಿಸಲು ಆಗುತ್ತದಾ? ಆರು ಗಂಟೆ ಆದಮೇಲೆ ಹೊರಗೆ ಬಿಡಿ, ಎಷ್ಟು ಬೇಕಾದರೂ ಬೊಗಳಲಿ. ರಸ್ತೆ ಕಾಣದಿದ್ದರೆ, ಓಡಾಟದ ಸದ್ದು ಕಡಿಮೆ ಕೇಳಿದರೆ ಅರ್ಧಕ್ಕರ್ಧ ಕಡಿಮೆ ಆಗುತ್ತದೆ ಅಂತ ನನಗೆ ಅನ್ನಿಸುತ್ತದೆ. ಮೊದಲ ಒಂದೆರಡು ರಾತ್ರಿ ಬಾಗಿಲು ಕೆರೆದು ಕುಂಯ್‌ಗುಟ್ಟಬಹುದು. ಅದು ಮಲಗುವ ಹಳೇ ಗೋಣಿತಾಟನ್ನೇ ಒಳಗೆ ಹಾಕಿ, ನೀರಿನ ಬಟ್ಟಲು ಪಕ್ಕದಲ್ಲಿಟ್ಟರೆ ಬೇಗ ಹೊಂದಿಕೊಳ್ಳುತ್ತದೆ. ಮಲಗುವ ಮುಂಚೆ ತಡವಾಗಿ ಒಂದು ಸುತ್ತು ಹೊರಗೆ ಕರೆದುಕೊಂಡು ಹೋಗಿ ಬಂದರೆ ಬೆಳಿಗ್ಗೆ ಬೇಗ ಏಳುವ ಅವಸರವೂ ಇರುವುದಿಲ್ಲ.

ಒಳಗೆ ಮಲಗಿಸುವುದು ಆಗುವುದೇ ಇಲ್ಲ ಅಂದರೂ ಪರವಾಗಿಲ್ಲ. ಅಣ್ಣನಿಗೆ ಧೂಳಿನ ಅಲರ್ಜಿ ಇದೆ ಅಂತ ನೀವೇ ಒಮ್ಮೆ ಹೇಳಿದ್ದಿರಿ, ನೆನಪಿದೆ. ಹಾಗಾದರೆ ಹಿತ್ತಲ ಕಡೆ ಬಿಡಬಹುದು, ಆ ಕಡೆ ಓಡಾಟ ಇಲ್ಲ. ಅಥವಾ ಗೇಟಿನ ಕಂಬಿಗಳಿಗೆ ಒಳಗಡೆಯಿಂದ ಒಂದು ಶೀಟ್ ಹೊಡೆಸಿದರೆ ರಸ್ತೆ ಕಾಣುವುದು ತಪ್ಪುತ್ತದೆ. ಅದರ ಖರ್ಚು ನಮಗೆ ಬಿಡಿ. ಸಂಕೋಚ ಮಾಡಿಕೊಳ್ಳಬೇಡಿ, ಲಾಭ ನಮಗೇ ತಾನೇ.

ಬೊಗಳಿದರೆ ಶಾಕ್ ಹೊಡೆಯುವ ಕತ್ತಿನ ಬೆಲ್ಟ್ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ತರಬೇಡಿ. ನಮ್ಮ ನಿದ್ದೆಗೋಸ್ಕರ ಅದಕ್ಕೆ ನೋವಾಗುವುದು ಬೇಡ. ಕಟ್ಟಿಹಾಕುವುದೂ ಬೇಡ, ಕಟ್ಟಿದರೆ ಇನ್ನೂ ಜಾಸ್ತಿ ಬೊಗಳುತ್ತದೆ.

ನಮ್ಮ ಕಡೆಯಿಂದ ಏನಾಗುತ್ತದೋ ಅದನ್ನೂ ಮಾಡುತ್ತೇವೆ. ಹಾಲಿನವರಿಗೆ ನಾನೇ ಹೇಳುತ್ತೇನೆ, ನಿಮ್ಮ ಪ್ಯಾಕೆಟ್ಟನ್ನೂ ನಮ್ಮ ಗೇಟಿನ ಚೀಲದಲ್ಲೇ ಹಾಕಲಿ. ನೀವು ಎದ್ದಮೇಲೆ ಕಾಂಪೌಂಡ್ ಮೇಲಿಂದ ದಾಟಿಸುತ್ತೇನೆ. ಒಬ್ಬರು ಗೇಟಿನ ಹತ್ತಿರ ಬರುವುದು ತಪ್ಪಿತಲ್ಲ. ನೀವು ಊರಿಗೆ ಹೋದಾಗ ಜಿಮ್ಮಿ ಒಂದೇ ಇರಬೇಕಾದರೆ ಕೀ ನಮ್ಮ ಹತ್ತಿರ ಕೊಟ್ಟು ಹೋಗಿ, ರಾತ್ರಿ ಒಳಗೆ ಸೇರಿಸಿ ಬೆಳಿಗ್ಗೆ ಬಿಡುತ್ತೇನೆ. ಅದಕ್ಕೂ ನನಗೂ ಚೆನ್ನಾಗಿಯೇ ಹೊಂದುತ್ತದೆ, ನೋಡಿದ್ದೀರಲ್ಲ. ಮಗುವಂತೂ ಸಂಜೆ ಜಿಮ್ಮಿ ಕಂಡರೆ ಸಾಕು, ಮೈಯೆಲ್ಲ ಕುಣಿಸುತ್ತದೆ.

ಇದನ್ನೆಲ್ಲ ಇವತ್ತೇ ಮಾಡಿ ಅನ್ನುತ್ತಿಲ್ಲ. ಒಂದು ವಾರ ಮಾಡಿ ನೋಡಿ, ಕೆಲಸ ಮಾಡದಿದ್ದರೆ ಕೂತು ಬೇರೆ ಏನಾದರೂ ಯೋಚಿಸೋಣ. ನಮ್ಮ ಮನೆಯಿಂದಲೂ ನಿಮಗೆ ಏನಾದರೂ ತೊಂದರೆ ಆಗುತ್ತಿದ್ದರೆ ಹೇಳಿಬಿಡಿ. ರಾತ್ರಿ ಒಂದೂವರೆಗೆ ನಮ್ಮವರ ಬೈಕಿನ ಸದ್ದು ನಿಮಗೂ ಕೇಳುತ್ತಿರಬಹುದು ಅಂತ ಇದನ್ನು ಬರೆಯುವಾಗಲೇ ಹೊಳೆಯಿತು. ಇನ್ನುಮೇಲೆ ತಿರುವಿನಲ್ಲೇ ಆಫ್ ಮಾಡಿ ತಳ್ಳಿಕೊಂಡು ಬರುತ್ತಾರೆ.

ಇದಕ್ಕೆ ಕಾಗದದಲ್ಲಿ ಉತ್ತರ ಬರೆಯಬೇಕಿಲ್ಲ. ಭಾನುವಾರ ಸಂಜೆ ನಾವಿಬ್ಬರೂ ಮನೆಯಲ್ಲೇ ಇರುತ್ತೇವೆ, ಬಿಡುವಿದ್ದರೆ ಬನ್ನಿ. ಆಗದಿದ್ದರೆ ಒಂದು ಮೆಸೇಜ್ ಹಾಕಿ, ನಾನೇ ಬರುತ್ತೇನೆ. ಹಗಲು ಎರಡರಿಂದ ನಾಲ್ಕು ಮಾತ್ರ ಫೋನ್ ಸೈಲೆಂಟ್‌ನಲ್ಲಿ ಇರುತ್ತದೆ, ಮಗು ಮಲಗುವ ಹೊತ್ತು.

ನಿಮ್ಮ ಪಕ್ಕದ ಮನೆಯ
ವೀಣಾ